ತಲೆನೋವಿಗೆ ಐಸ್ ಪ್ಯಾಕಾ, ಬಿಸಿ ಶಾಖವಾ? ಶಾಖ ಕೊಟ್ಟಷ್ಟೂ ನೋವು ಏರುತ್ತಿದ್ದರೆ ತಪ್ಪು ಹುಡುಕುವುದು ಹೀಗೆ

ನನ್ನ ಅಕ್ಕನಿಗೆ ತಿಂಗಳಿಗೆ ಎರಡು ಸಲವಾದರೂ ತಲೆನೋವು ಬರುತ್ತಿತ್ತು. ಹಣೆಯಲ್ಲಿ, ಕಣ್ಣಿನ ಹಿಂದೆ, ಕೆನ್ನೆ ಮೂಳೆಯ ಮೇಲೆ ನೋವು. ಮೂಗು ಕಟ್ಟಿದ ಹಾಗೆ, ಕಣ್ಣಲ್ಲಿ ನೀರು. ಅವಳು ಮಾಡುತ್ತಿದ್ದದ್ದು ಒಂದೇ ಉಪಾಯ. ಬಿಸಿ ನೀರಿನ ಆವಿ ತೆಗೆದುಕೊಂಡು, ಬಿಸಿ ಟವೆಲ್ ಮುಖದ ಮೇಲೆ ಹಾಕಿಕೊಂಡು ಮಲಗುವುದು. ಹತ್ತು ನಿಮಿಷದಲ್ಲಿ ನೋವು ಇಳಿಯುವ ಬದಲು ತಲೆ ಟಪ್ ಟಪ್ ಅಂತ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. "ಶಾಖ ಸಾಲಲಿಲ್ಲ" ಅಂದುಕೊಂಡು ಇನ್ನೂ ಬಿಸಿ ಮಾಡಿಕೊಳ್ಳುತ್ತಿದ್ದಳು.

ನಾನು ಫಿಸಿಯೋಥೆರಪಿ ಮಾಡುವವಳು. ಐಸ್ ಪ್ಯಾಕ್, ಹಾಟ್ ಪ್ಯಾಕ್ ನನಗೆ ದಿನದ ಕೆಲಸ. ಆದರೂ ಮನೆಯವರ ತಪ್ಪು ನನ್ನ ಕಣ್ಣಿಗೆ ಬಿದ್ದದ್ದು ತಡವಾಗಿ. ಕೇಳಿದಾಗ ಅವಳ ಉತ್ತರ ಸಿದ್ಧವಾಗಿತ್ತು: "ಸೈನಸ್ ಕಣೇ, ನಂಗೆ ಗೊತ್ತಿಲ್ವಾ? ಮುಖದಲ್ಲೇ ನೋವಿದೆ, ಮೂಗು ಸೋರ್ತಿದೆ."

ತಪ್ಪಿದ್ದದ್ದು ಅಲ್ಲೇ. ಟವೆಲ್ಲಿನ ಬಿಸಿಯಲ್ಲಿ ಅಲ್ಲ, ನೋವಿಗೆ ಇಟ್ಟ ಹೆಸರಿನಲ್ಲಿ.

ಮೊದಲು ನೋವು ಯಾವುದು ಅಂತ ನೋಡಿ

ಸಾಮಾನ್ಯವಾಗಿ ಹೇಳುವ ಮಾತು ಇಷ್ಟೇ: ಮೈಗ್ರೇನ್‌ಗೆ ತಂಪು, ಸ್ನಾಯು ಬಿಗಿದು ಬರುವ ತಲೆನೋವಿಗೆ ಬಿಸಿ. ಮಾತು ಸರಿಯೇ. ಕಷ್ಟ ಇರುವುದು ನಿಮ್ಮದು ಯಾವುದು ಎಂದು ತಿಳಿಯುವುದರಲ್ಲಿ.

ಬಿಗಿತದ ತಲೆನೋವು ತಲೆಗೆ ಪಟ್ಟಿ ಕಟ್ಟಿ ಎಳೆದ ಹಾಗಿರುತ್ತದೆ. ಹೆಚ್ಚಾಗಿ ಎರಡೂ ಕಡೆ ಇರುತ್ತದೆ. ಒತ್ತುತ್ತದೆ, ಆದರೆ ಹೊಡೆದುಕೊಳ್ಳುವುದಿಲ್ಲ. ಬೇಸರವಾಗುತ್ತದೆ, ಆದರೂ ಎದ್ದು ಓಡಾಡಬಹುದು. ವಾಂತಿ ಬರುವುದಿಲ್ಲ. ಕತ್ತಿನ ಹಿಂಭಾಗ ಮತ್ತು ಭುಜವನ್ನು ಬೆರಳಿನಿಂದ ಒತ್ತಿದರೆ "ಹಾ, ಅಲ್ಲೇ" ಅನ್ನುವಂಥ ಗಂಟು ಸಿಗುವುದು ಸಾಮಾನ್ಯ.

ಮೈಗ್ರೇನ್ ಬೇರೆ ಥರ. ಹೆಚ್ಚಿನವರಿಗೆ ಒಂದು ಕಡೆ ಬರುತ್ತದೆ, ಆದರೆ ಎರಡೂ ಕಡೆ ಬರಬಾರದು ಅಂತೇನಿಲ್ಲ. ನಾಡಿ ಬಡಿದ ಹಾಗೆ ಬಡಿಯುತ್ತದೆ. ಔಷಧಿ ತೆಗೆದುಕೊಳ್ಳದಿದ್ದರೆ ದೊಡ್ಡವರಲ್ಲಿ 4 ಗಂಟೆಯಿಂದ 72 ಗಂಟೆವರೆಗೆ ಇರುತ್ತದೆ. ಮೆಟ್ಟಿಲು ಹತ್ತಿದರೆ ಜಾಸ್ತಿಯಾಗುತ್ತದೆ. ನಾನು ಕೇಳುವ ಮೊದಲ ಪ್ರಶ್ನೆಯೇ ಅದು: "ನೋವಿದ್ದಾಗ ಮೆಟ್ಟಿಲು ಹತ್ತಬೇಕು ಅನ್ಸುತ್ತಾ, ಸುಮ್ನೆ ಮಲಗಬೇಕು ಅನ್ಸುತ್ತಾ?"

ವೈದ್ಯರು ಬಳಸುವ ಮೂರು ಪ್ರಶ್ನೆಗಳ ಪುಟ್ಟ ಪರೀಕ್ಷೆಯೊಂದಿದೆ. ತಲೆನೋವು ಬಂದಾಗ ಬೆಳಕು ಕಣ್ಣಿಗೆ ಚುಚ್ಚುತ್ತದೆಯೇ? ಹೊಟ್ಟೆ ತೊಳಸುತ್ತದೆಯೇ? ಕಳೆದ ಮೂರು ತಿಂಗಳಲ್ಲಿ ಒಂದು ದಿನವಾದರೂ ಮಾಡಬೇಕಾದ ಕೆಲಸವನ್ನು ಇದರಿಂದ ಬಿಡಬೇಕಾಯಿತೇ? ಮೂರರಲ್ಲಿ ಎರಡಕ್ಕೆ ಹೌದು ಅಂದರೆ ಅದು ಮೈಗ್ರೇನ್ ಆಗಿರುವ ಸಾಧ್ಯತೆ ಬಹಳ. ಅಕ್ಕ ಮೂರಕ್ಕೂ ಹೌದು ಅಂದಳು. ಹೇಳುವಾಗಲೂ ಕಿಟಕಿ ಕಡೆಗೆ ಬೆನ್ನು ಹಾಕಿಯೇ ಕೂತಿದ್ದಳು!

"ಮೂಗು ಸೋರ್ತಿದೆಯಲ್ಲ, ಅದು?"

ಎಲ್ಲರೂ ಎಡವುವುದು ಇಲ್ಲೇ. ಮುಖಕ್ಕೆ ಸ್ಪರ್ಶ ಕೊಡುವ ದೊಡ್ಡ ನರವೇ ಮೈಗ್ರೇನ್‌ನಲ್ಲೂ ಕೆರಳುತ್ತದೆ. ಆ ನರದ ಜೊತೆಗೆ ಕಣ್ಣೀರು ಮತ್ತು ಮೂಗಿನ ಗ್ರಂಥಿಗಳನ್ನು ನಡೆಸುವ ನರಗಳೂ ಎಚ್ಚರಗೊಳ್ಳುತ್ತವೆ. ಹಾಗಾಗಿ ಸೈನಸ್‌ನಲ್ಲಿ ಏನೂ ಇಲ್ಲದಿದ್ದರೂ ಮೂಗು ಕಟ್ಟುತ್ತದೆ, ನೀರಿಳಿಯುತ್ತದೆ, ಕೆನ್ನೆ ಭಾರವಾಗುತ್ತದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮಗೆ ಸೈನಸ್ ತಲೆನೋವಿದೆ ಎಂದು ನಂಬಿದ್ದ ಸುಮಾರು 3,000 ಜನರನ್ನು ಪರಿಶೀಲಿಸಿದರು. ಅವರಲ್ಲಿ 100ಕ್ಕೆ 88 ಜನರ ಲಕ್ಷಣಗಳು ಮೈಗ್ರೇನ್ ಮಾದರಿಯವೇ ಆಗಿದ್ದವು.

ನಿಜವಾದ ಸೈನಸ್ ಸೋಂಕು ಬೇರೆ ಗುರುತು ಕೊಡುತ್ತದೆ. ಮೂಗಿನಿಂದ ಬರುವುದು ನೀರಲ್ಲ, ಹಳದಿ ಅಥವಾ ಹಸಿರು ಬಣ್ಣದ ಗಟ್ಟಿ ಸಿಂಬಳ. ವಾಸನೆ ಗೊತ್ತಾಗುವುದಿಲ್ಲ. ಜ್ವರ ಇರಬಹುದು. ನೆಗಡಿಯ ನಂತರ ಶುರುವಾಗಿ ದಿನಗಟ್ಟಲೆ ಉಳಿಯುತ್ತದೆ, ಸಂಜೆ ಬಂದು ಮರುದಿನ ಹೋಗುವುದಿಲ್ಲ. ಬಗ್ಗಿದರೆ ನೋವು ಏರುವುದನ್ನು ಮಾತ್ರ ಗುರುತಾಗಿ ಹಿಡಿಯಬೇಡಿ. ಅದು ಎರಡರಲ್ಲೂ ಆಗುತ್ತದೆ.

ಅಕ್ಕನ ಸಿಂಬಳ ನೀರಿನಷ್ಟು ತಿಳಿ. ಜ್ವರವಿಲ್ಲ. ವಾಸನೆ ಚೆನ್ನಾಗಿಯೇ ಗೊತ್ತಾಗುತ್ತಿತ್ತು, ಎಷ್ಟೆಂದರೆ ನೋವಿನ ಹೊತ್ತಿನಲ್ಲಿ ಸೋಪಿನ ವಾಸನೆಗೂ ಹೊಟ್ಟೆ ತೊಳಸುತ್ತಿತ್ತು. ಸೈನಸ್ ಅಲ್ಲ ಅನ್ನುವುದಕ್ಕೆ ನನಗೆ ಅಷ್ಟು ಸಾಕಾಯಿತು. ಆಮೇಲೆ ಅವಳ ವೈದ್ಯರೂ ಮೈಗ್ರೇನ್ ಅಂತಲೇ ಹೇಳಿದರು.

ಹಾಗಾದರೆ ಬಿಸಿ ಟವೆಲ್ ಯಾಕೆ ಕೆಡಿಸಿತು? ಬಿಸಿ ತಗುಲಿದ ಕಡೆ ರಕ್ತನಾಳ ಹಿಗ್ಗಿ ರಕ್ತದ ಹರಿವು ಹೆಚ್ಚುತ್ತದೆ. ಬಿಗಿದ ಸ್ನಾಯುವಿಗೆ ಅದು ಹಿತ. ಆದರೆ ಪ್ರತಿ ನಾಡಿ ಬಡಿತವೂ ನೋವಾಗಿ ಕೇಳುತ್ತಿರುವ ತಲೆಗೆ ಹಿತವಲ್ಲ. ತಂಪು ಇದಕ್ಕೆ ಎದುರು. ನಾಳ ಕುಗ್ಗುತ್ತದೆ, ಚರ್ಮದ ನರಗಳು ಸುದ್ದಿ ಕಳಿಸುವ ವೇಗ ತಗ್ಗುತ್ತದೆ, ಜಾಗ ಜೋಮು ಹಿಡಿದು ನೋವು ಮಂದವಾಗುತ್ತದೆ. ಇದು ರೋಗದ ಮೂಲಕ್ಕೆ ಮದ್ದಲ್ಲ. ಆ ಹೊತ್ತಿನ ಸಂಕಟ ಕಡಿಮೆ ಮಾಡುವ ಉಪಾಯ, ಅಷ್ಟೇ.

ಅನುಮಾನ ಉಳಿದರೆ ಹದಿನೈದು ನಿಮಿಷದ ಪರೀಕ್ಷೆ

ಎಲ್ಲ ತಲೆನೋವೂ ಪುಸ್ತಕದ ಪ್ರಕಾರ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಹೀಗೆ ಮಾಡಿ. ಶುರು ಮಾಡುವ ಮೊದಲು ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಟ್ಟು ಬರೆದಿಡಿ. ಯಾವುದಾದರೂ ಒಂದನ್ನೇ, ತಂಪು ಅಥವಾ ಬಿಸಿ, 15 ನಿಮಿಷ ಇಡಿ. ಐದು ನಿಮಿಷದೊಳಗೆ ಬಡಿತ ಏರಿದರೆ ಅಲ್ಲೇ ತೆಗೆಯಿರಿ, ಪರೀಕ್ಷೆ ಮುಗಿಯಿತು. ಇಲ್ಲದಿದ್ದರೆ ತೆಗೆದ ಹದಿನೈದು ನಿಮಿಷದ ಮೇಲೆ ಮತ್ತೆ ಅಂಕ ಕೊಡಿ. ಎರಡು ಅಂಕ ಇಳಿದಿದ್ದರೆ ಅದೇ ನಿಮಗೆ ಒಗ್ಗುವುದು. ಏನೂ ಆಗದಿದ್ದರೆ ಚರ್ಮ ಮಾಮೂಲಿ ಬಿಸಿಗೆ ಬಂದ ಮೇಲೆ ಇನ್ನೊಂದನ್ನು ನೋಡಿ.

ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಎಂದಿಗೂ ಗೊತ್ತಾಗುವುದಿಲ್ಲ. ಜೊತೆಗೆ ಮಾತ್ರೆ ನುಂಗಿದ್ದರೆ ಅದನ್ನೂ ಬರೆದಿಡಿ. ಇಲ್ಲದಿದ್ದರೆ ಮಾತ್ರೆಯ ಹೆಸರು ಐಸ್ ಪ್ಯಾಕ್‌ಗೆ ಬರುತ್ತದೆ.

ಕತ್ತು ಬಿಗಿದಿದೆ, ಆದರೂ ಬಿಸಿ ಒಗ್ಗುತ್ತಿಲ್ಲ

ಇದೂ ಪದೇ ಪದೇ ಕೇಳಿಬರುವ ದೂರು. ಕತ್ತು ಹಿಡಿದಿದೆ ಅಂದ ತಕ್ಷಣ ಸ್ನಾಯುವಿನ ನೋವು ಅಂದುಕೊಳ್ಳುತ್ತೇವೆ. ಆದರೆ ಮೈಗ್ರೇನ್ ಇರುವ ಬಹಳ ಜನರಿಗೆ ನೋವಿನ ಜೊತೆಗೆ, ಕೆಲವೊಮ್ಮೆ ಅದಕ್ಕೂ ಮುಂಚೆ, ಕತ್ತು ಬಿಗಿಯುತ್ತದೆ. ಅದು ನೋವಿನ ಕಾರಣವಲ್ಲ, ದಾಳಿಯ ಒಂದು ಭಾಗ.

ಬೇರೆ ಮಾಡಿ ನೋಡುವುದು ಹೀಗೆ. ತಲೆನೋವಿಲ್ಲದ ದಿನ ಕತ್ತು ತಿರುಗಿಸಿ ನೋಡಿ. ಆ ದಿನವೂ ಬಿಗಿ ಇದ್ದು, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂತಾಗ ಅಲ್ಲಿಂದ ನೋವು ಏರಿ ತಲೆಗೆ ಬರುತ್ತಿದ್ದರೆ ಬಿಸಿ ಶಾಖ ಸರಿ. ಮಿಕ್ಕ ದಿನ ಕತ್ತು ಸರಾಗವಾಗಿದ್ದು, ದಾಳಿಯ ದಿನ ಮಾತ್ರ ಬಿಗಿದರೆ ತಂಪನ್ನೇ ಮೊದಲು ಇಡಿ.

ಎರಡೂ ಇರುವವರೂ ಇದ್ದಾರೆ. ಅವರಿಗೆ ಹಣೆಗೆ ತಂಪು, ಭುಜಕ್ಕೆ ಬಿಸಿ ಒಟ್ಟಿಗೆ ಹಿತವಾಗುವುದುಂಟು. ಮೇಲೆ ಹೇಳಿದ ಪರೀಕ್ಷೆ ಒಂದೊಂದಾಗಿ ಆದ ಮೇಲೆ ಮಾತ್ರ ಇದನ್ನು ನೋಡಿ.

ತಂಪು ಇಡುವ ಬಗೆ

ಜೆಲ್ ಪ್ಯಾಕ್ ಬಗ್ಗೆ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕರಗುತ್ತಿರುವ ಐಸ್ ಸೊನ್ನೆ ಡಿಗ್ರಿಯಲ್ಲೇ ಇರುತ್ತದೆ. ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿ. ಜೆಲ್ ಆ ತಂಪಿನಲ್ಲೂ ಗಟ್ಟಿಯಾಗದ ಹಾಗೆ ಮಾಡಿರುತ್ತಾರೆ. ಕೈಗೆ ಮೆತ್ತಗೆ ಸಿಕ್ಕಿತು ಅಂದ ಮಾತ್ರಕ್ಕೆ ಅದು ಸೌಮ್ಯ ಅಲ್ಲ. ಐಸ್‌ಗಿಂತಲೂ ತಣ್ಣಗಿರಬಹುದು. ಹಾಗಾಗಿ ಫ್ರೀಜರಿನಿಂದ ತೆಗೆದದ್ದನ್ನು ನೇರವಾಗಿ ಚರ್ಮಕ್ಕೆ ಇಡಬೇಡಿ.

ಒಣಗಿದ ಹತ್ತಿ ಬಟ್ಟೆಯಲ್ಲಿ ಒಂದೆರಡು ಸುತ್ತು ಸುತ್ತಿ. ಒದ್ದೆ ಬಟ್ಟೆ ತಂಪನ್ನು ಬೇಗ ದಾಟಿಸುತ್ತದೆ, ಆದ್ದರಿಂದ ಒದ್ದೆ ಬಳಸಿದರೆ ಸಮಯ ಕಡಿಮೆ ಮಾಡಿ. ಹಣೆ, ಹಣೆಯ ಪಕ್ಕ, ಅಥವಾ ಕತ್ತಿನ ಹಿಂಭಾಗ, ಈ ಮೂರರಲ್ಲಿ ನಿಮಗೆ ಹಿತವಾದ ಕಡೆ ಇಡಿ. ಹೊತ್ತು 10ರಿಂದ 15 ನಿಮಿಷ, ಹೆಚ್ಚೆಂದರೆ 20. ಮತ್ತೆ ಇಡುವ ಮೊದಲು ಒಂದು ಗಂಟೆಯಾದರೂ ಬಿಡಿ. ಕಣ್ಣುಗುಡ್ಡೆಯ ಮೇಲೆ ಭಾರ ಬೀಳಬಾರದು.

ಐದು ನಿಮಿಷಕ್ಕೊಮ್ಮೆ ಎತ್ತಿ ಚರ್ಮ ನೋಡಿ. ಸ್ವಲ್ಪ ಕೆಂಪಾಗುವುದು ಮಾಮೂಲಿ. ಬಿಳಿಚಿದರೆ, ಮೇಣದ ಹಾಗೆ ಕಂಡರೆ, ಮುಟ್ಟಿದರೆ ಗಟ್ಟಿ ಅನ್ನಿಸಿದರೆ, ಪೂರಾ ಸ್ಪರ್ಶವೇ ತಿಳಿಯದಿದ್ದರೆ ತಕ್ಷಣ ತೆಗೆಯಿರಿ. ಕಪ್ಪು ಚರ್ಮದಲ್ಲಿ ಬಣ್ಣ ಬದಲಾದದ್ದು ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ಕಣ್ಣಿಗಿಂತ ಬೆರಳನ್ನು ನಂಬಿ.

ನಮ್ಮ ಮನೆಯಲ್ಲಿ ಎಡವಟ್ಟು ಆದದ್ದು ಇಲ್ಲೇ. ಎರಡನೇ ಸಲ ಅಕ್ಕ ಜೆಲ್ ಪ್ಯಾಕನ್ನು ದಿಂಬಿನ ಮೇಲಿಟ್ಟು ಅದರ ಮೇಲೆ ಕತ್ತು ಊರಿ ಮಲಗಿದಳು. ನೋವು ಇಳಿಯಿತು, ನಿದ್ದೆ ಬಂತು. ಎದ್ದಾಗ ಕತ್ತಿನ ಹಿಂದೆ ನಾಣ್ಯದಷ್ಟು ಜಾಗ ಬಿಳಿಚಿ ಜೋಮು ಹಿಡಿದಿತ್ತು. ಉಜ್ಜಲು ಹೋದವಳನ್ನು ತಡೆದು, ಬೆಚ್ಚಗಿನ ನೀರಿನ ಬಟ್ಟೆ ಇಟ್ಟೆವು. ಬಣ್ಣ ಮರಳಿತು, ಆದರೆ ಒಂದು ದಿನ ಉರಿಯುತ್ತಿತ್ತು. ಬೊಬ್ಬೆ ಬಂದಿದ್ದರೆ ವೈದ್ಯರ ಹತ್ತಿರ ಹೋಗಬೇಕಾಗುತ್ತಿತ್ತು. ತಲೆಯ ಭಾರ ಬಟ್ಟೆಯನ್ನು ಅಮುಕಿ ತೆಳ್ಳಗೆ ಮಾಡುತ್ತದೆ, ಮೇಲಿಂದ ನಿದ್ದೆ ಬೇರೆ. ಈಗ ಅವಳು ಮೊಬೈಲಿನಲ್ಲಿ 15 ನಿಮಿಷದ ಅಲಾರಂ ಇಟ್ಟು, ಪ್ಯಾಕನ್ನು ತಲೆಯ ಕೆಳಗೆ ಅಲ್ಲ, ಮೇಲೆ ಇಡುತ್ತಾಳೆ.

ಕತ್ತಿನ ಮುಂಭಾಗದ ಬಗ್ಗೆಯೂ ಹೇಳಬೇಕು. ಅಲ್ಲಿ ತಲೆಗೆ ಹೋಗುವ ದೊಡ್ಡ ರಕ್ತನಾಳಗಳು ಚರ್ಮಕ್ಕೆ ಹತ್ತಿರದಲ್ಲಿವೆ. 2013ರಲ್ಲಿ ಹವಾಯಿಯಲ್ಲಿ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ಆ ಜಾಗಕ್ಕೆ ತಂಪು ತಾಗುವಂಥ ಕುತ್ತಿಗೆ ಪಟ್ಟಿಯನ್ನು ಮೈಗ್ರೇನ್ ಶುರುವಾಗುತ್ತಲೇ ಕಟ್ಟಿದರು. ಅರ್ಧ ಗಂಟೆಯ ಹೊತ್ತಿಗೆ ನೋವು ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ತಣ್ಣಗಿಲ್ಲದ ಪಟ್ಟಿ ಕಟ್ಟಿದಾಗ ನೋವು ಹೆಚ್ಚೂಕಡಿಮೆ ಅಷ್ಟೇ ಏರಿತ್ತು. ಆದರೆ ಮನೆಯಲ್ಲಿ ಅಲ್ಲಿ ಬಿಗಿಯಾಗಿ ಏನನ್ನೂ ಕಟ್ಟಬೇಡಿ. ಆ ನಾಳಗಳ ಮೇಲೆ ಒತ್ತಡ ಬಿದ್ದರೆ ನಾಡಿ ನಿಧಾನವಾಗಿ ತಲೆ ಸುತ್ತಬಹುದು, ವಯಸ್ಸಾದವರು ಬಿದ್ದೇ ಬಿಡಬಹುದು. ಕತ್ತಿನ ಹಿಂಭಾಗವೇ ಸುರಕ್ಷಿತ.

ತಂಪು ತಗುಲಿದರೆ ಬೆರಳು ಬಿಳಿಚಿ ನೀಲಿಯಾಗುವವರು, ಮೈಮೇಲೆ ದದ್ದು ಏಳುವವರು, ಸಕ್ಕರೆ ಕಾಯಿಲೆಯಿಂದಲೋ ನರದ ತೊಂದರೆಯಿಂದಲೋ ಸ್ಪರ್ಶ ಮಂದವಾದವರು ವೈದ್ಯರನ್ನು ಕೇಳದೆ ಐಸ್ ಇಡಬೇಡಿ. ಇನ್ನು ಕೆಲವರಿಗೆ ತಲೆಗೆ ತಂಪು ತಗುಲಿದರೇ ತಲೆನೋವು ಬರುತ್ತದೆ. ಅವರಿಗೆ ಈ ದಾರಿ ಬೇಡ.

ಬಿಸಿ ಕೊಡುವ ಬಗೆ

ಬಿಗಿತದ ತಲೆನೋವಿಗೆ ಬಿಸಿಯನ್ನು ಹಣೆಗೆ ಇಡುವವರೇ ಜಾಸ್ತಿ. ನೋವು ಹಣೆಯಲ್ಲಿ ಕಂಡರೂ ಬಿಗಿದಿರುವುದು ಹೆಚ್ಚಾಗಿ ತಲೆಬುರುಡೆಯ ಬುಡ ಮತ್ತು ಭುಜದಿಂದ ಕತ್ತಿಗೆ ಏರುವ ಸ್ನಾಯು. ಶಾಖ ಅಲ್ಲಿ ಕೊಡಿ, 15ರಿಂದ 20 ನಿಮಿಷ. ಆ ಮೇಲೆ ಕತ್ತನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸಿ. ಸ್ನಾಯು ಸಡಿಲಾದ ಆ ಹೊತ್ತಿನಲ್ಲಿ ಅಲ್ಲಾಡಿಸಿದರೆ ಹೆಚ್ಚು ಗುಣ.

ಒದ್ದೆ ಟವೆಲ್ ಆದರೆ 40 ಡಿಗ್ರಿ ಆಸುಪಾಸಿನ ನೀರು ಸಾಕು. ಥರ್ಮಾಮೀಟರ್ ಇಲ್ಲವೇ? ಮುಂಗೈಯ ಒಳಭಾಗಕ್ಕೆ ತಾಗಿಸಿ ನೋಡಿ. ಹಿತವಾಗಿ ಬೆಚ್ಚಗಿರಬೇಕು, ಕೈ ಹಿಂದೆಗೆಯುವ ಹಾಗಿರಬಾರದು. ಚೆನ್ನಾಗಿ ಹಿಂಡಿ. ಟವೆಲ್ ಐದು ನಿಮಿಷದಲ್ಲಿ ಆರಿಹೋಗುತ್ತದೆ. "ಬಿಸಿ ಕೊಟ್ಟೆ, ಏನೂ ಆಗಲಿಲ್ಲ" ಅನ್ನುವವರಲ್ಲಿ ಅರ್ಧ ಜನ ಆರಿದ ಟವೆಲ್ ಇಟ್ಟುಕೊಂಡು ಕೂತಿರುತ್ತಾರೆ ಅಂತ ನನ್ನ ಗುಮಾನಿ. ಎರಡು ಟವೆಲ್ ಇಟ್ಟುಕೊಂಡು ಬದಲಿಸುತ್ತಿರಿ.

ಬಿಸಿ ನೀರಿನ ಚೀಲಕ್ಕೆ ಕುದಿಯುವ ನೀರು ಹಾಕಬೇಡಿ. 60 ಡಿಗ್ರಿ ನೀರು ಚರ್ಮ ಸುಡಲು ಐದಾರು ಸೆಕೆಂಡ್ ಸಾಕು. ಮೂರರಲ್ಲಿ ಎರಡು ಭಾಗ ತುಂಬಿ, ಗಾಳಿ ಹೊರಗೆ ಒತ್ತಿ, ಮುಚ್ಚಳ ಬಿಗಿದು, ತಲೆಕೆಳಗೆ ಮಾಡಿ ಸೋರುತ್ತದೆಯೇ ನೋಡಿ. ಆಮೇಲೆ ಟವೆಲ್ ಸುತ್ತಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಎಸೆಯಿರಿ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವ ಪ್ಯಾಕ್‌ನಲ್ಲಿ ಬಿಸಿ ಸಮನಾಗಿ ಹರಡಿರುವುದಿಲ್ಲ. ಹೊರಗೆ ಬೆಚ್ಚಗಿದ್ದು ಒಳಗೆ ಒಂದು ಕಡೆ ಸುಡುತ್ತಿರಬಹುದು. ನಾದಿ, ಒಂದು ನಿಮಿಷ ಬಿಟ್ಟು, ಕೈಗೆ ಇಟ್ಟು ನೋಡಿ.

ಇನ್ನೊಂದು ತಪ್ಪು ನಾನು ಪದೇ ಪದೇ ನೋಡುತ್ತೇನೆ. ಮೊದಲು ನೋವಿನ ಬಾಮ್ ಹಚ್ಚಿ, ಅದರ ಮೇಲೆ ಬಿಸಿ ಪ್ಯಾಕ್. ಬಾಮ್‌ನಲ್ಲಿರುವ ಮೆಂಥಾಲ್ ಚರ್ಮಕ್ಕೆ ತಂಪಿನ ಭ್ರಮೆ ಕೊಡುತ್ತದೆ. ಸುಡುತ್ತಿರುವುದು ತಿಳಿಯುವುದೇ ಇಲ್ಲ. ಬಿಸಿಗೆ ಬಾಮ್ ಚರ್ಮದೊಳಕ್ಕೆ ಜಾಸ್ತಿ ಇಳಿದು ಅದೂ ಉರಿಸುತ್ತದೆ. ಯಾವುದಾದರೂ ಒಂದೇ ಇರಲಿ. ಬಾಮ್ ಹಚ್ಚಿದ್ದರೆ ಸೋಪು ಹಾಕಿ ತೊಳೆದ ಮೇಲೆ ಶಾಖ.

ದಿನವೂ ಒಂದೇ ಜಾಗಕ್ಕೆ ಗಂಟೆಗಟ್ಟಲೆ ಶಾಖ ಕೊಟ್ಟರೆ ಸುಟ್ಟ ನೋವಿಲ್ಲದೆಯೇ ಚರ್ಮದ ಮೇಲೆ ಬಲೆಯ ಹಾಗೆ ಕಂದು ಗೆರೆ ಮೂಡಬಹುದು. ಮೂಡಿದರೆ ಅಲ್ಲಿ ಶಾಖ ನಿಲ್ಲಿಸಿ. ಊದಿಕೊಂಡ ಜಾಗ, ಸೋಂಕಾದ ಜಾಗ, ಎರಡು ದಿನದೊಳಗಿನ ಹೊಸ ಪೆಟ್ಟು, ಸ್ಪರ್ಶ ತಿಳಿಯದ ಚರ್ಮ, ಇವಕ್ಕೆ ಬಿಸಿ ಬೇಡ.

ನಿಜವಾದ ಸೈನಸ್ ಆಗಿದ್ದರೆ ಕೆನ್ನೆ ಮತ್ತು ಮೂಗಿನ ಮೇಲೆ ಬೆಚ್ಚಗಿನ ಒದ್ದೆ ಬಟ್ಟೆ ಐದು ಹತ್ತು ನಿಮಿಷ ಹಿತ ಕೊಡುತ್ತದೆ. ಮಕ್ಕಳನ್ನು ಮಾತ್ರ ಕುದಿಯುವ ನೀರಿನ ಪಾತ್ರೆಯ ಮುಂದೆ ಕೂರಿಸಬೇಡಿ. ಪಾತ್ರೆ ಮಗುಚಿ ತೊಡೆ ಸುಟ್ಟುಕೊಳ್ಳುತ್ತಾರೆ.

ಎಲ್ಲ ಸರಿ ಮಾಡಿದರೂ ಕೆಲಸ ಮಾಡದಿದ್ದರೆ

ಮೊದಲು ಹೊತ್ತು ನೋಡಿ. ಮೈಗ್ರೇನ್ ಪೂರಾ ಏರಿದ ಮೇಲೆ ಇಟ್ಟ ತಂಪಿನಿಂದ ಗುಣ ಕಡಿಮೆ. ಅಕ್ಕ ನೋವಿನ ಅಂಕ ಬರೆದಿಡುವ ಪುಸ್ತಕದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನೋವು 4 ಇದ್ದಾಗಲೇ ಕತ್ತಲೆ ಕೋಣೆಗೆ ಹೋಗಿ, ವೈದ್ಯರು ಕೊಟ್ಟ ಮಾತ್ರೆ ನುಂಗಿ, ಹಣೆಗೆ ಪ್ಯಾಕ್ ಇಟ್ಟ ದಿನ ಅರ್ಧ ಗಂಟೆಯಲ್ಲಿ 2ಕ್ಕೆ ಬಂದಿತ್ತು. 8 ಆಗುವವರೆಗೆ ಕಾದ ದಿನ ಅದೇ ಪ್ಯಾಕ್, ಅದೇ ಮಾತ್ರೆ, ಆದರೆ 7ರ ಕೆಳಗೆ ಇಳಿಯಲಿಲ್ಲ. ಮಾತ್ರೆಯ ಪಾಲೆಷ್ಟು, ಪ್ಯಾಕಿನ ಪಾಲೆಷ್ಟು ಅಂತ ಇದರಿಂದ ಹೇಳಲಾಗದು. ತಡ ಮಾಡಿದರೆ ಎರಡೂ ಸೋಲುತ್ತವೆ ಅನ್ನುವುದು ಮಾತ್ರ ಸ್ಪಷ್ಟ.

ಆಮೇಲೆ ಮಾತ್ರೆಯ ಲೆಕ್ಕ ನೋಡಿ. ಮಾಮೂಲಿ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್ ಅಥವಾ ಹಲವು ಔಷಧಿ ಬೆರೆಸಿದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಬಹುದು. ಅದಕ್ಕೆ ತಂಪೂ ಉಪಯೋಗವಿಲ್ಲ, ಬಿಸಿಯೂ ಇಲ್ಲ. ವೈದ್ಯರ ಜೊತೆ ಕೂತು ಮಾತ್ರೆ ಇಳಿಸಬೇಕು.

ಒಂದೇ ಕಣ್ಣಿನ ಸುತ್ತ ತಾಳಲಾಗದ ನೋವು, ಕೂರಲೂ ಆಗದೆ ಶತಪಥ ಹಾಕುವಂಥದ್ದು, 15 ನಿಮಿಷದಿಂದ ಮೂರು ಗಂಟೆ ಇದ್ದು ಮತ್ತೆ ಮತ್ತೆ ಬರುತ್ತಿದ್ದರೆ ಅದು ಕ್ಲಸ್ಟರ್ ತಲೆನೋವು ಇರಬಹುದು. ಪ್ಯಾಕ್ ಬದಲಿಸುತ್ತಾ ಕೂರಬೇಡಿ, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ.

ಪ್ಯಾಕ್ ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕಾದಾಗ

ಒಂದೇ ನಿಮಿಷದಲ್ಲಿ ಸಿಡಿಲಿನ ಹಾಗೆ ತುದಿ ಮುಟ್ಟಿದ ತಲೆನೋವು. ಜ್ವರದ ಜೊತೆ ಕತ್ತು ಸೆಟೆದುಕೊಂಡು ಮಂಪರು ಬಂದರೆ. ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ. ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಏರುತ್ತಾ ಹೋದರೆ ಅಥವಾ ವಾಂತಿ ಶುರುವಾದರೆ. ಕಣ್ಣು ಕೆಂಪಾಗಿ ದೀಪದ ಸುತ್ತ ಬಳೆ ಕಂಡರೆ. ಗರ್ಭಿಣಿಗೆ ಅಥವಾ ಹೆರಿಗೆಯಾದ ಹೊಸತರಲ್ಲಿ ಎಂದೂ ಇಲ್ಲದ ಜೋರು ತಲೆನೋವು ಬಂದರೆ. ಇವುಗಳಲ್ಲಿ ಯಾವುದಕ್ಕೂ 15 ನಿಮಿಷದ ಪರೀಕ್ಷೆ ಮಾಡುತ್ತಾ ಕೂರಬಾರದು.

ಒಂದನ್ನು ಮಾತ್ರ ಬೇರೆಯಾಗಿ ಹೇಳುತ್ತೇನೆ, ಏಕೆಂದರೆ ಅದು ಮೆಲ್ಲಗೆ ಬರುತ್ತದೆ. 50 ವರ್ಷ ದಾಟಿದವರಿಗೆ ಹೊಸದಾಗಿ ಹಣೆಯ ಪಕ್ಕ ನೋವು, ಬಾಚಣಿಗೆ ತಾಗಿದರೂ ನೆತ್ತಿ ನೋವು, ಊಟ ಅಗಿಯುವಾಗ ದವಡೆ ನೋವು ಬಂದರೆ ಅದು ತಲೆಯ ರಕ್ತನಾಳದ ಉರಿಯೂತ ಇರಬಹುದು. ತಡವಾದರೆ ಕಣ್ಣೇ ಹೋಗಬಹುದು. ತಂಪು ಇಟ್ಟರೆ ಹಿತವಾಯಿತು ಅಂತ ಮುಂದೂಡಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ನೋಟ ಮಸುಕಾದರೆ ಅದೇ ಗಂಟೆಯಲ್ಲಿ.